ವಜ್ರಕ್ಕೇಕೆ ಶಾಖದ ಹಸಿವು ಕಡಿಮೆ?

207 ಗ್ರಾಂ ಸೀಸ ತೂಗಿಟ್ಟುಕೊಳ್ಳಿ. ಪಕ್ಕದಲ್ಲಿ 12 ಗ್ರಾಂ, ಅಂದರೆ 60 ಕ್ಯಾರೆಟ್ ವಜ್ರ ಇಡಿ (ಮನೆಯಲ್ಲಿದ್ದರೆ!). ತೂಕದಲ್ಲಿ ಇಷ್ಟು ಅಂತರವಿದ್ದರೂ ಎರಡರಲ್ಲೂ ಇರುವ ಪರಮಾಣುಗಳ ಸಂಖ್ಯೆ ಒಂದೇ. ಕೋಣೆಯ ತಾಪಮಾನದಲ್ಲಿ ಆ ಸೀಸವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 26 ಜೂಲ್ ಶಾಖ ಬೇಕು. ವಜ್ರಕ್ಕೆ 6 ಜೂಲ್ ಸಾಕು.

ಇದು 19ನೇ ಶತಮಾನದ ಭೌತವಿಜ್ಞಾನಿಗಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳು. ಘನವಸ್ತು ಯಾವುದೇ ಇರಲಿ, ಅಷ್ಟೇ ಪರಮಾಣುಗಳಿದ್ದರೆ ಶಾಖದ ಬೇಡಿಕೆ ಹೆಚ್ಚುಕಡಿಮೆ 25 ಜೂಲ್ ಎಂದು ಫ್ರಾನ್ಸಿನ ಡ್ಯುಲಾಂಗ್ ಮತ್ತು ಪೆಟಿ 1819ರಲ್ಲೇ ಹೇಳಿದ್ದರು. ಅದಕ್ಕೆ ಸಮರ್ಥನೆಯೂ ಸಿಕ್ಕಿತ್ತು. ಪರಮಾಣುಗಳು ಸ್ಪ್ರಿಂಗ್‌ಗೆ ಕಟ್ಟಿದ ಗುಂಡುಗಳ ಹಾಗೆ ಮೂರು ದಿಕ್ಕಿಗೂ ತೂಗಾಡುತ್ತವೆ. ಪ್ರತಿ ತೂಗಾಟಕ್ಕೂ ತಾಪಮಾನಕ್ಕೆ ತಕ್ಕ ಸಮಪಾಲು ಸಿಗುತ್ತದೆ. ಸೀಸ ಒಪ್ಪಿತು, ತಾಮ್ರ ಒಪ್ಪಿತು, ವಜ್ರ ಒಪ್ಪಲಿಲ್ಲ. 1870ರ ದಶಕದಲ್ಲಿ ಹೈನ್ರಿಕ್ ವೆಬರ್ ವಜ್ರವನ್ನು ಸೊನ್ನೆಗಿಂತ ಕೆಳಗಿನ ಚಳಿಯಿಂದ ಸಾವಿರ ಡಿಗ್ರಿಯ ಆಸುಪಾಸಿನವರೆಗೆ ಅಳೆದು ನೋಡಿದರು. ಕೆಂಪಗೆ ಕಾದಾಗ ವಜ್ರವೂ ನಿಯಮದ ಹತ್ತಿರ ಬರುತ್ತದೆ, ತಣ್ಣಗಾದಂತೆ ದೂರ ಸರಿಯುತ್ತದೆ.

ಮುಂದೆ ಜ್ಯೂರಿಕ್‌ನಲ್ಲಿ ಇದೇ ವೆಬರ್ ಮೇಷ್ಟ್ರ ತರಗತಿಯಲ್ಲಿ ಐನ್‌ಸ್ಟೈನ್ ಕುಳಿತಿದ್ದರು. ಇಬ್ಬರಿಗೂ ಅಷ್ಟಕ್ಕಷ್ಟೇ. ಆದರೂ 1907ರಲ್ಲಿ ಐನ್‌ಸ್ಟೈನ್ ಕೈಗೆತ್ತಿಕೊಂಡದ್ದು ಮೇಷ್ಟ್ರ ಅಂಕಿಗಳನ್ನೇ.

ಅವರ ಯೋಚನೆ ಹೀಗಿತ್ತು: ತೂಗಾಡುವ ಪರಮಾಣು ಮನಬಂದಷ್ಟು ಶಕ್ತಿ ತೆಗೆದುಕೊಳ್ಳಲಾರದು. ಅದಕ್ಕೆ ಸಮ ಎತ್ತರದ ಮೆಟ್ಟಿಲುಗಳಿವೆ. ಹತ್ತಿದರೆ ಇಡೀ ಮೆಟ್ಟಿಲು ಹತ್ತಬೇಕು, ಅರ್ಧದಲ್ಲಿ ನಿಲ್ಲುವಂತಿಲ್ಲ. ಪರಮಾಣು ಹಗುರವಾಗಿದ್ದು ಬಂಧ ಬಿಗಿಯಾಗಿದ್ದರೆ ತೂಗಾಟ ಚುರುಕು, ಮೆಟ್ಟಿಲು ಎತ್ತರ. ಇಂಗಾಲವೆಂದರೆ ಹಗುರ, ವಜ್ರದಲ್ಲಿ ಬಂಧವೆಂದರೆ ಉಕ್ಕಿನ ಹಿಡಿತ. ಮೆಟ್ಟಿಲಿನ ಎತ್ತರವನ್ನು ತಾಪಮಾನದ ಅಳತೆಯಲ್ಲೇ ಹೇಳುವುದಾದರೆ ವಜ್ರದ್ದು ಸುಮಾರು 1320 ಕೆಲ್ವಿನ್. ಭಾರದ, ಮೆದುವಾದ ಸೀಸದ್ದು 75ರ ಆಸುಪಾಸು. ಕೋಣೆಯ ತಾಪಮಾನ 300 ಕೆಲ್ವಿನ್.

ಈಗ ಎಷ್ಟು ಮೆಟ್ಟಿಲು ಕೈಗೆಟುಕುತ್ತವೆ ಎಂದು ಎಣಿಸಬೇಕು. ಆ ಎಣಿಕೆಗೆ ಪಾರ್ಟಿಷನ್ ಫಂಕ್ಷನ್ ಎಂಬ ಭಾರಿ ಹೆಸರಿದೆ. ಅದರ ಗುರುತಾದ Z ಬಂದದ್ದು ಜರ್ಮನ್ ಪದದಿಂದ; ಆ ಪದದ ಅರ್ಥ ಬರೀ ‘ಸ್ಥಿತಿಗಳ ಮೊತ್ತ’. ನನಗೆ ಈ ಹೆಸರೇ ಇಷ್ಟ, ಮಾಡುವ ಕೆಲಸವನ್ನು ನೇರವಾಗಿ ಹೇಳುತ್ತದೆ.

ತಳದ ಮೆಟ್ಟಿಲಿಗೆ 1 ಅಂಕ ಕೊಡಿ. ವಜ್ರದಲ್ಲಿ 1320ನ್ನು 300ರಿಂದ ಭಾಗಿಸಿದರೆ 4.4. ಬೋಲ್ಟ್ಸ್‌ಮನ್ ನಿಯಮದಂತೆ ಮೊದಲ ಮೆಟ್ಟಿಲಿನ ಅಂಕ e<sup>−4.4</sup>, ಅಂದರೆ ಹತ್ತಿರಹತ್ತಿರ 81ರಲ್ಲಿ ಒಂದು ಪಾಲು. ಅದರ ಮೇಲಿನದಕ್ಕೆ ಮತ್ತೆ ಅದರ 81ರಲ್ಲಿ ಒಂದು ಪಾಲು. ಗಣಿತದ ಪಾಠದಲ್ಲಿ ನೋಡಿದ ಗುಣೋತ್ತರ ಶ್ರೇಢಿಯೇ ಇದು. ಎಲ್ಲ ಕೂಡಿದರೆ

Z = 1 / (1 − e<sup>−4.4</sup>) ≈ 1.012

ಎಂದರೆ ವಜ್ರದ ಪರಮಾಣುವಿಗೆ ತಳ ಬಿಟ್ಟರೆ ಬೇರೆ ಮೆಟ್ಟಿಲು ಇದ್ದೂ ಇಲ್ಲದಂತೆ. ಸೀಸಕ್ಕೆ ಇದೇ ಲೆಕ್ಕ ಹಾಕಿದರೆ ಸುಮಾರು 4.5 ಬರುತ್ತದೆ, ಅದು ಆರಾಮವಾಗಿ ಹತ್ತಿಳಿಯುತ್ತಿದೆ. (ತಳದ ಮೆಟ್ಟಿಲಲ್ಲೂ ಅರ್ಧ ಮೆಟ್ಟಿಲಿನಷ್ಟು ಶಕ್ತಿ ಉಳಿದಿರುತ್ತದೆ. ಅದು ತಾಪಮಾನದೊಂದಿಗೆ ಬದಲಾಗದ್ದರಿಂದ ಶಾಖದ ಲೆಕ್ಕಕ್ಕೆ ಬರುವುದಿಲ್ಲ.)

ಶ್ರೇಢಿಯಿಂದ ಸರಾಸರಿ ಶಕ್ತಿಯೂ ಸಿಗುತ್ತದೆ: 1320 / (e<sup>4.4</sup> − 1), ಅಂದರೆ 16.41. ಹಳೆಯ ನಿಯಮದಂತೆ ಅದು 300 ಇರಬೇಕಿತ್ತು. ಈಗ ವಜ್ರವನ್ನು ಒಂದೇ ಡಿಗ್ರಿ ಬಿಸಿ ಮಾಡಿ 301ಕ್ಕೆ ಲೆಕ್ಕ ಹಾಕಿ: 16.65. ಹಳೆಯ ನಿಯಮದಲ್ಲಿ ಪೂರಾ 1 ಏರಬೇಕಾದ ಕಡೆ ಏರಿದ್ದು 0.24 ಮಾತ್ರ. 25 ಜೂಲಿನಲ್ಲಿ ಅಷ್ಟು ಪಾಲೆಂದರೆ 6 ಜೂಲ್. ಅಳತೆಯಲ್ಲಿ ಸಿಕ್ಕಿದ್ದೂ ಅದೇ. ತಣ್ಣಗಾದಷ್ಟೂ ಮೆಟ್ಟಿಲು ಎಟುಕುವ ಪರಮಾಣುಗಳು ಕಡಿಮೆ. ಶಾಖ ಕೊಟ್ಟರೂ ಇಸಿದುಕೊಳ್ಳುವವರಿಲ್ಲ. ಸಾಕಷ್ಟು ತಣ್ಣಗೆ ಮಾಡಿದರೆ ಸೀಸದ ಪಾಡೂ ಇದೇ.

ಆದರೆ 100 ಕೆಲ್ವಿನ್‌ಗೆ ಇಳಿದು ನೋಡಿದರೆ ಲೆಕ್ಕ ಕೈಕೊಡುತ್ತದೆ. ಐನ್‌ಸ್ಟೈನ್ ಸೂತ್ರ ಅಲ್ಲಿ 0.01 ಜೂಲನ್ನೂ ಕೊಡುವುದಿಲ್ಲ. ನಿಜವಾದ ವಜ್ರ ಅದರ ಹತ್ತಾರು ಪಟ್ಟು ಶಾಖ ತೆಗೆದುಕೊಳ್ಳುತ್ತದೆ. ತಪ್ಪಿದ್ದದ್ದು ಒಂದು ಊಹೆಯಲ್ಲಿ. ಪ್ರತಿ ಪರಮಾಣು ತನ್ನ ಪಾಡಿಗೆ ಒಂದೇ ವೇಗದಲ್ಲಿ ತೂಗುತ್ತದೆ ಎಂದು ಐನ್‌ಸ್ಟೈನ್ ಹಿಡಿದಿದ್ದರು. ನಿಜದಲ್ಲಿ ಒಂದು ಅಲುಗಿದರೆ ನೆರೆಯದೂ ಅಲುಗುತ್ತದೆ. ಲಕ್ಷಾಂತರ ಪರಮಾಣುಗಳು ಒಟ್ಟಾಗಿ ನಿಧಾನವಾದ ಅಲೆಗಳಾಗಿ ತೂಗುತ್ತವೆ. ನಿಧಾನದ ಅಲೆಗೆ ಮೆಟ್ಟಿಲು ಗಿಡ್ಡ, ಚಳಿಯಲ್ಲೂ ಎಟುಕುತ್ತದೆ. 1912ರಲ್ಲಿ ಡಿಬೈ ಈ ಅಲೆಗಳನ್ನೆಲ್ಲ ಸೇರಿಸಿ ಲೆಕ್ಕ ಮಾಡಿದರು. ಅದರಂತೆ ಬಹಳ ಕೆಳಗಿನ ತಾಪಮಾನದಲ್ಲಿ ಉಷ್ಣ ಸಾಮರ್ಥ್ಯ ತಾಪಮಾನದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ: ತಾಪಮಾನ ಅರ್ಧವಾದರೆ ಸಾಮರ್ಥ್ಯ ಎಂಟನೇ ಒಂದು ಭಾಗ.

ಹರಳಿನ ಕಂಪನಗಳ ಈ ಚಿತ್ರವನ್ನು ಒಪ್ಪದವರಲ್ಲಿ ಬೆಂಗಳೂರಿನಲ್ಲಿ ವಜ್ರಗಳನ್ನು ಸಂಗ್ರಹಿಸಿ ಪರೀಕ್ಷಿಸುತ್ತಿದ್ದ ಸಿ.ವಿ. ರಾಮನ್ ಕೂಡ ಒಬ್ಬರು. ಕಂಪನಗಳಿಗೆ ಕೆಲವೇ ನಿರ್ದಿಷ್ಟ ವೇಗಗಳಿವೆ ಎಂದು ಅವರು ಪಟ್ಟುಹಿಡಿದು ವಾದಿಸಿದರು. ಆ ವಾದದಲ್ಲಿ ಗೆದ್ದದ್ದು ಅಲೆಗಳ ಲೆಕ್ಕವೇ.