ಎರಡನೆಯ ಕರೆ ಬಂದಾಗ ಮೊದಲನೆಯದು ಕಡಿದುಹೋದರೆ

ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ಎರಡು ತಾಪತ್ರಯ ಎಂದಿಟ್ಟುಕೊಳ್ಳಿ. ಮಂಡಿಯವರ ಜೊತೆ ದರ ಮಾತಾಡುತ್ತಿರುವಾಗ ಬೇರೆಯವರ ಕರೆ ಬಂದರೆ ಇವರ ಕಿವಿಗೆ ವೇಟಿಂಗ್ ಸದ್ದೇ ಬೀಳುವುದಿಲ್ಲ; ಕರೆ ಮಾಡಿದವರಿಗೆ ‘ಬಿಜಿ’ ಎಂದು ಕೇಳಿಸುತ್ತದೆ. ಇನ್ನೊಂದು ದಿನ ಸದ್ದು ಬರುತ್ತದೆ, ಮೊದಲಿನವರನ್ನು ಹೋಲ್ಡ್‌ಗೆ ಹಾಕಿ ಎರಡನೆಯ ಕರೆ ಎತ್ತುತ್ತಾರೆ, ಮರಳಿ ಬರುವಷ್ಟರಲ್ಲಿ ಮಂಡಿಯವರ ಕರೆ ಕಡಿದಿರುತ್ತದೆ. ಮೊಬೈಲ್ ಅಂಗಡಿಯಲ್ಲಿ ಎರಡಕ್ಕೂ ರಿಸೆಟ್ ಒಂದೇ ಮದ್ದು. ಆದರೆ ಇವೆರಡರ ಮೂಲ ಬೇರೆ ಬೇರೆ.

ಮೊದಲನೆಯದನ್ನು ನೋಡೋಣ. ಕಾಲ್ ವೇಟಿಂಗ್ ಇದೆಯೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಕಂಪನಿಯ ಜಾಲದಲ್ಲಿ ನಿಮ್ಮ ಸಂಖ್ಯೆಯ ಎದುರು ದಾಖಲಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕಾಣುವ ಗುಂಡಿ ಆ ದಾಖಲೆಯನ್ನು ಕೇಳುವ, ಬದಲಿಸುವ ದಾರಿಯಷ್ಟೇ. ಗುಂಡಿ ಸುತ್ತುತ್ತಲೇ ಇದ್ದರೆ ಡಯಲ್ ಪ್ಯಾಡ್‌ನಿಂದ ನೇರವಾಗಿ ಕೇಳಬಹುದು.

```
*#43#   ಸ್ಥಿತಿ ತಿಳಿಯಲು
*43#    ಚಾಲೂ ಮಾಡಲು
#43#    ನಿಲ್ಲಿಸಲು
```

ಉತ್ತರದಲ್ಲಿ ‘Voice’ ಎಂಬ ಸಾಲು ಚಾಲೂ ಎಂದಿದ್ದರೆ ಜಾಲದಲ್ಲಿ ಸೇವೆ ಇದೆ. ‘Invalid MMI code’ ಎಂದು ಬಂದರೆ ಕೋಡ್ ತಪ್ಪೆಂದು ತಕ್ಷಣ ತೀರ್ಮಾನಿಸಬೇಡಿ. 4ಜಿಯ ವೋಲ್ಟೆ ಕರೆಗಳಲ್ಲಿ ಈ ಪ್ರಶ್ನೆ ಹಲವು ಸಲ ಇಂಟರ್ನೆಟ್ ಡೇಟಾದ ದಾರಿಯಲ್ಲೇ ಸರ್ವರ್‌ಗೆ ಹೋಗುತ್ತದೆ. ಆದ್ದರಿಂದ ವೈಫೈ ಆರಿಸಿ, ಅದೇ ಸಿಮ್‌ನ ಮೊಬೈಲ್ ಡೇಟಾ ಹಾಕಿ, ಮತ್ತೊಮ್ಮೆ ಕೇಳಿ. ಕೆಲವು ಜಾಲಗಳಲ್ಲಿ ವೋಲ್ಟೆಯ ಕಾಲ್ ವೇಟಿಂಗ್ ನಿರ್ಧಾರವನ್ನು ಹ್ಯಾಂಡ್‌ಸೆಟ್ಟಿಗೇ ಬಿಟ್ಟಿರುತ್ತಾರೆ. ಫೋನ್ ಬದಲಿಸಿದ ಮೇಲೆ ಸೇವೆ ಮಾಯವಾದರೆ ಕಾರಣ ಅದೂ ಇರಬಹುದು.

ಎಲ್ಲ ಸರಿಯಿದ್ದೂ ಸದ್ದು ಬರದಿದ್ದರೆ ಎರಡು ಸಿಮ್ ಇದೆಯೇ ನೋಡಿ. ನೀವು ಒಂದರಲ್ಲಿ ಮಾತಾಡುವಾಗ ಅನೇಕ ಫೋನ್‌ಗಳಲ್ಲಿ ಇನ್ನೊಂದು ಸಿಮ್ ಜಾಲಕ್ಕೆ ಸಿಗುವುದೇ ಇಲ್ಲ. ಕರೆ ಮಾಡಿದವರಿಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಕೇಳಿಸುತ್ತದೆ. ಕಾಲ್ ವೇಟಿಂಗ್ ಒಂದೇ ಸಿಮ್‌ನ ಒಳಗಿನ ಸೇವೆ, ಅದಕ್ಕೆ ಇದನ್ನು ಸರಿಪಡಿಸುವ ಶಕ್ತಿಯಿಲ್ಲ.

ಇನ್ನು ಹೋಲ್ಡ್. ಇದನ್ನು ಚಾಲೂ ಮಾಡಲು ಯಾವ ಕೋಡೂ ಇಲ್ಲ, ಹುಡುಕಿ ಫಲವಿಲ್ಲ. ಸಂಖ್ಯೆಗೆ ಈ ಸೇವೆ ಕೊಡುವುದು ಕಂಪನಿ. ಕರೆಯ ನಡುವೆ ಹೋಲ್ಡ್ ಗುಂಡಿ ಒತ್ತಿದಾಗ ಫೋನ್ ಜಾಲಕ್ಕೆ ಒಂದು ಕೋರಿಕೆ ಕಳಿಸುತ್ತದೆ. ವೋಲ್ಟೆಯಲ್ಲಿ ಆ ಕೋರಿಕೆ, ಧ್ವನಿ ಯಾವ ದಿಕ್ಕಿಗೆ ಹರಿಯಬೇಕೆಂದು ನಡುವಿನ ಎಲ್ಲ ಸರ್ವರ್‌ಗಳೊಂದಿಗೆ ಮತ್ತೆ ಮಾಡಿಕೊಳ್ಳುವ ಒಪ್ಪಂದ. ಎಲ್ಲಾದರೂ ಎಡವಿದರೆ ಕರೆ ಕಡಿಯುತ್ತದೆ, ಇಲ್ಲವೇ ಮರಳಿ ಬಂದಾಗ ಒಂದೇ ಕಡೆಯ ಧ್ವನಿ ಕೇಳಿಸುತ್ತದೆ.

ನಮ್ಮ ವ್ಯಾಪಾರಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕಡಿಯುವುದು ಅಂಗಡಿಯಲ್ಲಿ ಕೂತಾಗಲೋ, ಘಟ್ಟದ ರಸ್ತೆಯಲ್ಲಿ ಹೋಗುವಾಗಲೋ? 4ಜಿ ಸಿಗ್ನಲ್ ಕ್ಷೀಣಿಸಿದಾಗ ಜಾಲ ನಡೆಯುತ್ತಿರುವ ಕರೆಯನ್ನು ಹಳೆಯ 2ಜಿಗೆ ದಾಟಿಸುತ್ತದೆ. ಈ ದಾಟಿಸುವ ಕ್ರಮ ಮೊದಲು ರೂಪುಗೊಂಡಾಗ ಮಾತು ನಡೆಯುತ್ತಿರುವ ಒಂದು ಕರೆಗಷ್ಟೇ ದಾರಿಯಿತ್ತು. ಹೋಲ್ಡ್‌ನಲ್ಲಿರುವ ಕರೆಯನ್ನೂ ಒಯ್ಯುವ ವ್ಯವಸ್ಥೆ ಆಮೇಲೆ ಸೇರಿತು, ಅದು ಜಾಲ ಮತ್ತು ಫೋನ್ ಎರಡರಲ್ಲೂ ಇರಬೇಕು. ಇಲ್ಲದಿದ್ದರೆ ಮಾತಿನ ಕರೆ ಉಳಿಯುತ್ತದೆ, ಕಾಯುತ್ತಿದ್ದದ್ದು ಸದ್ದಿಲ್ಲದೆ ಹೋಗುತ್ತದೆ. ಕಡಿದ ಹೊತ್ತಿಗೆ ಪರದೆಯ ಮೇಲಿನ VoLTE ಗುರುತು ಮಾಯವಾಗಿ ‘E’ ಬಂದಿದ್ದರೆ ಇದೇ ಕಾರಣವಿರಬೇಕು. ನನ್ನ ಅಭಿಪ್ರಾಯದಲ್ಲಿ ಫೋನಿನ ಮೇಲೆ ಹೊರಿಸುವ ಎಷ್ಟೋ ದೂರುಗಳು ನಿಜಕ್ಕೂ ಇಲ್ಲಿಗೆ ಸೇರಿದವು. ಜಿಯೋಗೆ 2ಜಿ ಜಾಲವಿಲ್ಲದ್ದರಿಂದ ಅಲ್ಲಿ ದಾಟುವ ಮಾತೇ ಇಲ್ಲ. 4ಜಿ ಹೋದರೆ ಎರಡೂ ಕರೆ ಹೋಗುತ್ತವೆ.

ಕೂತಲ್ಲೇ ಕಡಿಯುತ್ತಿದ್ದರೆ ಎರಡು ಪರೀಕ್ಷೆ ಸಾಕು. 2ಜಿ ಇರುವ ಕಂಪನಿಯ ಸಿಮ್ ಆದರೆ ಸೆಟ್ಟಿಂಗ್ಸ್‌ನಲ್ಲಿ ವೋಲ್ಟೆ ಆರಿಸಿ, ಮನೆಯವರಿಬ್ಬರಿಂದ ಕರೆ ಮಾಡಿಸಿ, ಹೋಲ್ಡ್ ಒತ್ತಿ ನೋಡಿ. ಆಗ ಸರಿಯಾಗಿ ನಡೆದರೆ ತೊಡಕು ವೋಲ್ಟೆ ಬದಿಯದು. ಆಮೇಲೆ ಅದೇ ಸಿಮ್ಮನ್ನು ಬೇರೆ ಫೋನಿಗೆ ಹಾಕಿ, ವೋಲ್ಟೆಯಲ್ಲೇ ಮತ್ತೆ ಪರೀಕ್ಷಿಸಿ. ಅಲ್ಲೂ ಕಡಿದರೆ ನಿಮ್ಮ ಹ್ಯಾಂಡ್‌ಸೆಟ್ಟಿನ ಮೇಲಿನ ಅನುಮಾನ ಬಹುಪಾಲು ಹೋಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ‘ಸರಿ ಮಾಡಿಕೊಡುತ್ತೇವೆ, ಈ ಕೋಡ್ ಒತ್ತಿ’ ಎಂದು ಅಪರಿಚಿತರು ಹೇಳಿದರೆ ಒತ್ತಬೇಡಿ. `**21*` ಎಂದು ಆರಂಭವಾಗಿ ಮುಂದೆ ಯಾರದೋ ಸಂಖ್ಯೆ ಇರುವ ಕೋಡ್ ನಿಮ್ಮ ಎಲ್ಲ ಕರೆಗಳನ್ನೂ ಆ ಸಂಖ್ಯೆಗೆ ತಿರುಗಿಸುತ್ತದೆ, ಬ್ಯಾಂಕಿನಿಂದ ಕರೆಯಲ್ಲಿ ಬರುವ ಒಟಿಪಿಯನ್ನೂ. ಇಂಥ ಮೋಸಗಳ ಕಾರಣಕ್ಕೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ `*401#` ಬಗೆಯ ಕರೆ ತಿರುಗಿಸುವ ಸೇವೆಯನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶಿಸಿತು. ಅನುಮಾನ ಬಂದರೆ `*#21#` ಒತ್ತಿ ನೋಡಿ, ತಿರುಗಿಸಿದ್ದರೆ `##002#` ಅದನ್ನು ಅಳಿಸುತ್ತದೆ.

ದೂರು ಕೊಡಲು 198ಕ್ಕೆ ಕರೆ ಮಾಡುವಾಗ ‘ಫೋನ್ ಸರಿಯಿಲ್ಲ’ ಎನ್ನಬೇಡಿ. ಕರೆ ಕಡಿದ ದಿನ, ಗಂಟೆ, ಊರು, ಮಾತಾಡುತ್ತಿದ್ದ ಎರಡೂ ಸಂಖ್ಯೆ, `*#43#`ಗೆ ಬಂದ ಉತ್ತರ, ಬೇರೆ ಫೋನಿನಲ್ಲೂ ಹೀಗೇ ಆಯಿತೆಂಬ ಮಾತು, ಇಷ್ಟನ್ನು ಹೇಳಿ ಡಾಕೆಟ್ ಸಂಖ್ಯೆ ಬರೆದುಕೊಳ್ಳಿ. ಆ ಗಂಟೆಯ ಕರೆಯ ದಾಖಲೆ ಹುಡುಕಲು ತಾಂತ್ರಿಕ ವಿಭಾಗಕ್ಕೆ ಬೇಕಾಗುವುದು ಈ ವಿವರಗಳೇ.