ಅಂಗಡಿಯ ಹೆಸರಿಗೆ ಬೆಲೆ ಕಟ್ಟುವ ಲೆಕ್ಕ

ಒಂದು ಸಂಸ್ಥೆ ತನ್ನ ಹೆಸರು, ಗಿರಾಕಿಗಳ ನಂಬಿಕೆ, ಅಂಗಡಿ ಇರುವ ಜಾಗ ಮುಂತಾದವುಗಳ ಬಲದಿಂದ ಅದೇ ಕಸುಬಿನ ಬೇರೆಯವರಿಗಿಂತ ಹೆಚ್ಚು ಗಳಿಸುತ್ತಿದ್ದರೆ, ಆ ಹೆಚ್ಚಿನ ಗಳಿಕೆಯ ಬೆಲೆಯೇ ಗುಡ್‌ವಿಲ್. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಇದನ್ನು ಸಂಸ್ಥೆಯ ಆಸ್ತಿಯೆಂದೇ ಎಣಿಸುತ್ತದೆ. ಹೊಸ ಪಾಲುದಾರ ಸೇರುವಾಗ, ಹಳಬರೊಬ್ಬರು ನಿವೃತ್ತರಾದಾಗ ಅಥವಾ ತೀರಿಕೊಂಡಾಗ, ಲಾಭ ಹಂಚಿಕೆಯ ಪ್ರಮಾಣ ಬದಲಾದಾಗ, ವ್ಯಾಪಾರವನ್ನೇ ಮಾರುವಾಗ ಇದಕ್ಕೆ ಬೆಲೆ ಕಟ್ಟಬೇಕಾಗುತ್ತದೆ. ಕಟ್ಟಡವನ್ನು ಅಳೆಯಬಹುದು, ದಾಸ್ತಾನನ್ನು ತೂಗಬಹುದು. ಗುಡ್‌ವಿಲ್‌ಗೆ ಮಾತ್ರ ಲಾಭದ ಲೆಕ್ಕವೊಂದೇ ದಾರಿ.

ಉದಾಹರಣೆಗೆ, ಇಬ್ಬರು ಪಾಲುದಾರರು ನಡೆಸುವ ಒಂದು ಕಾಫಿಪುಡಿ ಅಂಗಡಿಯನ್ನು ಊಹಿಸಿಕೊಳ್ಳಬಹುದು. ಅದರ ಐದು ವರ್ಷಗಳ ಲಾಭ ಕ್ರಮವಾಗಿ 8 ಲಕ್ಷ, 9 ಲಕ್ಷ, 4 ಲಕ್ಷ, 10 ಲಕ್ಷ, 12 ಲಕ್ಷ ರೂಪಾಯಿ. ಇವನ್ನು ಕೂಡಿ ಐದರಿಂದ ಭಾಗಿಸಿದರೆ 8.60 ಲಕ್ಷ ಬರುತ್ತದೆ. ಆದರೆ ಹೀಗೆ ನೇರವಾಗಿ ಭಾಗಿಸುವುದು ಸರಿಯಲ್ಲ. ಮೂರನೆಯ ವರ್ಷ ಗೋದಾಮಿಗೆ ಬೆಂಕಿ ಬಿದ್ದು 3 ಲಕ್ಷದ ಮಾಲು ಸುಟ್ಟಿತ್ತು. ಅದು ಪ್ರತಿವರ್ಷ ಆಗುವ ನಷ್ಟವಲ್ಲವಾದ್ದರಿಂದ ಆ ವರ್ಷದ ಲಾಭವನ್ನು 7 ಲಕ್ಷವೆಂದು ಹಿಡಿಯಬೇಕು. ಐದನೆಯ ವರ್ಷದ 12 ಲಕ್ಷದಲ್ಲಿ 2 ಲಕ್ಷ ಬಂದದ್ದು ಹಳೆಯ ವ್ಯಾನ್ ಮಾರಿದ್ದರಿಂದ. ಅದು ಕಾಫಿಪುಡಿಯ ಲಾಭವಲ್ಲ, ಅದನ್ನು ಕಳೆದರೆ ಉಳಿಯುವುದು 10 ಲಕ್ಷ. ಹೀಗೆ ತಿದ್ದಿದ ಮೇಲೆ ಸರಾಸರಿ 8.80 ಲಕ್ಷ ಆಗುತ್ತದೆ.

ಇನ್ನೂ ಒಂದು ಕಡಿತ ಬಾಕಿ ಇದೆ, ಸಣ್ಣ ಸಂಸ್ಥೆಗಳಲ್ಲಿ ಹೆಚ್ಚಾಗಿ ಮರೆತುಹೋಗುವುದೂ ಇದೇ. ಇಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ದುಡಿಯುತ್ತಾರೆ, ಸಂಬಳ ತೆಗೆದುಕೊಳ್ಳುವುದಿಲ್ಲ. ಆ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡರೆ ವರ್ಷಕ್ಕೆ 3 ಲಕ್ಷ ಕೊಡಬೇಕಾಗುತ್ತಿತ್ತು ಎಂದುಕೊಂಡರೆ, ಅಷ್ಟನ್ನೂ ಕಳೆಯಬೇಕು. ಇಲ್ಲದಿದ್ದರೆ ಅವರ ದುಡಿಮೆಯೇ ಅಂಗಡಿಯ ಹೆಸರಿನ ಬೆಲೆಯಾಗಿ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಕೈಗೆ ಸಿಗುವ ಸರಾಸರಿ ಲಾಭ 5.80 ಲಕ್ಷ.

ದಾಸ್ತಾನಿನ ಮೇಲೂ ಕಣ್ಣಿಡಬೇಕು. ವರ್ಷದ ಕೊನೆಯ ದಾಸ್ತಾನಿಗೆ ಹೆಚ್ಚು ಬೆಲೆ ತೋರಿಸಿದರೆ ಆ ವರ್ಷದ ಲಾಭ ಉಬ್ಬುತ್ತದೆ. ಅದೇ ದಾಸ್ತಾನು ಮರುವರ್ಷದ ಆರಂಭದ ದಾಸ್ತಾನಾಗುವುದರಿಂದ ಆಗ ಲಾಭ ಅಷ್ಟೇ ಇಳಿಯುತ್ತದೆ. ನಡುವಿನ ವರ್ಷಗಳ ಇಂಥ ತಪ್ಪು ಸರಾಸರಿಯಲ್ಲಿ ತಾನಾಗಿಯೇ ವಜಾ ಆಗಿಬಿಡುತ್ತದೆ, ಆದರೆ ಕಟ್ಟಕಡೆಯ ವರ್ಷದ ಉಬ್ಬು ಹಾಗೆಯೇ ಉಳಿಯುತ್ತದೆ. ಹೊಸದಾಗಿ ಸೇರುವವರು ಮೊದಲು ಪರಿಶೀಲಿಸಬೇಕಾದದ್ದು ಆ ವರ್ಷದ ದಾಸ್ತಾನು ಪಟ್ಟಿಯನ್ನು.

ಸರಾಸರಿ ಲಾಭದ ವಿಧಾನ ಇಲ್ಲಿಗೆ ಬಹುತೇಕ ಮುಗಿಯಿತು. ಈ ಲಾಭ ಇನ್ನೆಷ್ಟು ವರ್ಷ ಹಳೆಯ ಹೆಸರಿನ ಬಲದಿಂದಲೇ ಬರಬಹುದು ಎಂದು ಅಂದಾಜಿಸಿ, ಅಷ್ಟರಿಂದ ಗುಣಿಸುತ್ತಾರೆ. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ‘ವರ್ಷಗಳ ಖರೀದಿ’ ಎನ್ನುತ್ತಾರೆ. ಮೂರು ವರ್ಷವೆಂದು ಒಪ್ಪಿದರೆ ಗುಡ್‌ವಿಲ್ 17.40 ಲಕ್ಷ. ಲಾಭ ವರ್ಷದಿಂದ ವರ್ಷಕ್ಕೆ ಒಂದೇ ದಿಕ್ಕಿನಲ್ಲಿ ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಈಚಿನ ವರ್ಷಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುವ ರೂಢಿಯೂ ಇದೆ.

ಲೆಕ್ಕ ಸುಲಭ, ಆದರೆ ಅದರ ತಳಹದಿಯಲ್ಲೇ ದೋಷವಿದೆ. ಈ ಅಂಗಡಿಯಲ್ಲಿ 36 ಲಕ್ಷ ರೂಪಾಯಿ ಬಂಡವಾಳ ತೊಡಗಿದೆ ಎನ್ನೋಣ. ಇಂಥ ವ್ಯಾಪಾರದಲ್ಲಿ ಹಾಕಿದ ಹಣಕ್ಕೆ ಸಾಮಾನ್ಯವಾಗಿ ಶೇ. 10ರಷ್ಟು ಪ್ರತಿಫಲ ಬರುವುದಾದರೆ, ಯಾವ ಹೆಸರೂ ಇಲ್ಲದ ಅಂಗಡಿ ಕೂಡ 3.60 ಲಕ್ಷ ಗಳಿಸುತ್ತದೆ. ಅಂಥ ಅಂಗಡಿಗೂ ಸರಾಸರಿ ಲಾಭದ ವಿಧಾನ 10.80 ಲಕ್ಷದ ಗುಡ್‌ವಿಲ್ ಕಟ್ಟಿಬಿಡುತ್ತದೆ! ಬಂಡವಾಳದ ಗಳಿಕೆಯನ್ನು ಹೆಸರಿನ ಗಳಿಕೆಯಿಂದ ಬೇರ್ಪಡಿಸದ ಲೆಕ್ಕವಿದು. ಹೊಸ ಪಾಲುದಾರ ತನ್ನ ಪಾಲಿನ ಬಂಡವಾಳವನ್ನೂ ಹಾಕಿ, ಬಂಡವಾಳದಿಂದಲೇ ಬರುವ ಲಾಭಕ್ಕೆ ಮತ್ತೊಮ್ಮೆ ಹಣ ತೆತ್ತಂತಾಗುತ್ತದೆ.

ಅಧಿಕ ಲಾಭದ ವಿಧಾನ ಈ ದೋಷವನ್ನು ನಿವಾರಿಸುತ್ತದೆ. ಸರಾಸರಿ ಲಾಭವಾದ 5.80 ಲಕ್ಷದಿಂದ ಸಾಮಾನ್ಯ ಲಾಭವಾದ 3.60 ಲಕ್ಷವನ್ನು ಕಳೆದರೆ 2.20 ಲಕ್ಷ ಉಳಿಯುತ್ತದೆ. ಇಷ್ಟು ಮಾತ್ರ ಹೆಸರಿನ ದುಡಿಮೆ. ಮೂರು ವರ್ಷದ ಖರೀದಿಯಂತೆ ಗುಡ್‌ವಿಲ್ 6.60 ಲಕ್ಷ. ಅಧಿಕ ಲಾಭವೇ ಇಲ್ಲದಿದ್ದರೆ ಗುಡ್‌ವಿಲ್ ಶೂನ್ಯ, ಅಂಗಡಿ ಎಷ್ಟೇ ಹಳೆಯದಾಗಿರಲಿ.

ಈ ವಿಧಾನದಲ್ಲಿ ಜಗಳ ಹುಟ್ಟುವುದು ಬಂಡವಾಳದ ಅಂಕಿಯಲ್ಲಿ. ಬಂಡವಾಳವೆಂದರೆ ವ್ಯಾಪಾರದಲ್ಲಿ ತೊಡಗಿರುವ ಆಸ್ತಿಗಳಿಂದ ಸಾಲಗಳನ್ನು ಕಳೆದು ಉಳಿದದ್ದು. ಪುಸ್ತಕದಲ್ಲಿ ಹಳೆಯ ಗುಡ್‌ವಿಲ್ ಇದ್ದರೆ ಅದನ್ನೂ, ವ್ಯಾಪಾರಕ್ಕೆ ಸಂಬಂಧಿಸದ ಹೂಡಿಕೆಗಳನ್ನೂ ಇದರಲ್ಲಿ ಸೇರಿಸಬಾರದು. ಆ ಹೂಡಿಕೆಗಳ ಬಡ್ಡಿಯನ್ನು ಲಾಭದಿಂದಲೂ ಕಳೆಯಬೇಕು. ಆಸ್ತಿಗಳಿಗೆ ಇಂದಿನ ಬೆಲೆ ಹಿಡಿಯಬೇಕೆಂಬುದು ಎಲ್ಲಕ್ಕಿಂತ ಮುಖ್ಯ. ಎಷ್ಟೋ ವರ್ಷಗಳ ಹಿಂದೆ ಕೊಂಡ ಮಳಿಗೆ ಪುಸ್ತಕದಲ್ಲಿ ಹಳೆಯ ಬೆಲೆಗೇ ನಿಂತಿದ್ದು, ಅದರ ಈಗಿನ ಬೆಲೆ 14 ಲಕ್ಷ ಹೆಚ್ಚಿದ್ದರೆ, ಬಂಡವಾಳ 50 ಲಕ್ಷವಾಗುತ್ತದೆ. ಸಾಮಾನ್ಯ ಲಾಭ 5 ಲಕ್ಷಕ್ಕೆ ಏರಿ, ಅಧಿಕ ಲಾಭ ಬರೀ 80 ಸಾವಿರಕ್ಕೆ ಕುಸಿಯುತ್ತದೆ. 6.60 ಲಕ್ಷವಿದ್ದ ಗುಡ್‌ವಿಲ್ 2.40 ಲಕ್ಷವಾಗುತ್ತದೆ. ಹೆಸರಿನಿಂದ ಬಂದದ್ದು ಎಂದುಕೊಂಡ ಲಾಭದ ಬಹುಪಾಲು ಮಳಿಗೆಯಿಂದ ಬಂದದ್ದಾಗಿತ್ತು.

ಮೂರನೆಯದು ಬಂಡವಾಳೀಕರಣ ವಿಧಾನ. 36 ಲಕ್ಷದ ಮೊದಲ ಲೆಕ್ಕವನ್ನೇ ಹಿಡಿದರೆ, ಶೇ. 10ರ ದರದಲ್ಲಿ 5.80 ಲಕ್ಷ ಗಳಿಸಲು 58 ಲಕ್ಷ ಬಂಡವಾಳ ಬೇಕು. ಇರುವುದು 36 ಲಕ್ಷ, ಹಾಗಾಗಿ ಗುಡ್‌ವಿಲ್ 22 ಲಕ್ಷ. ಅಧಿಕ ಲಾಭವಾದ 2.20 ಲಕ್ಷವನ್ನು ಇದೇ ದರದಲ್ಲಿ ಬಂಡವಾಳೀಕರಿಸಿದರೂ ಉತ್ತರ ಅದೇ. ಒಂದೇ ಅಂಗಡಿಗೆ 6.60 ಲಕ್ಷ, 22 ಲಕ್ಷ ಎಂಬ ಎರಡು ಬೆಲೆ ಏಕೆ? ಹೆಚ್ಚಿನ ಲಾಭ ಮೂರು ವರ್ಷ ಬರುತ್ತದೆಂದು ಮೊದಲಿನದು ನಂಬುತ್ತದೆ, ಎಂದೆಂದಿಗೂ ಬರುತ್ತದೆಂದು ಎರಡನೆಯದು. ಪಾಲುದಾರರ ಮುಖ ನೋಡಿ ಗಿರಾಕಿಗಳು ಬರುವ ಸಣ್ಣ ಅಂಗಡಿಯಲ್ಲಿ ಎರಡನೆಯ ನಂಬಿಕೆ ತೀರಾ ದುಬಾರಿಯದು.

ಹೊಸ ಪಾಲುದಾರನಿಗೆ ಕಾಲು ಪಾಲು ಸಿಗುವುದಾದರೆ, 6.60 ಲಕ್ಷದ ಕಾಲು ಭಾಗ, ಅಂದರೆ 1.65 ಲಕ್ಷವನ್ನು ಆತ ತರಬೇಕು. ತಮ್ಮ ಲಾಭದಲ್ಲಿ ಯಾರು ಎಷ್ಟು ಬಿಟ್ಟುಕೊಟ್ಟರೋ ಆ ಪ್ರಮಾಣದಲ್ಲಿ ಹಳಬರು ಅದನ್ನು ಹಂಚಿಕೊಳ್ಳುತ್ತಾರೆ. ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಆಸ್ತಿಯಾಗಿ ಪುಸ್ತಕದಲ್ಲಿ ತೋರಿಸಲು ಲೆಕ್ಕಪತ್ರ ಮಾನದಂಡ 26 ಅವಕಾಶ ಕೊಡುವುದಿಲ್ಲ.

ಇಂಥ ಗುಡ್‌ವಿಲ್ ಮಾರಿದಾಗ ತೆರಿಗೆ ಕಟ್ಟಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಕರ್ನಾಟಕದ ಒಂದು ಅಗರಬತ್ತಿ ಸಂಸ್ಥೆಯಿಂದ. ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣವೆಂದೇ ಅದು ಪ್ರಸಿದ್ಧ. ಸಂಸ್ಥೆಯ ಗುಡ್‌ವಿಲ್‌ಗೆ 1.50 ಲಕ್ಷ ರೂಪಾಯಿ ಬೆಲೆ ಕಟ್ಟಲಾಗಿತ್ತು. ವಿಸರ್ಜನೆಯ ನಂತರ ಅದು ಹೊಸ ಪಾಲುದಾರಿಕೆಗೆ ಹೋಯಿತು. ತಾನಾಗಿ ಬೆಳೆದ ಗುಡ್‌ವಿಲ್‌ಗೆ ಕೊಂಡ ಬೆಲೆ ಎಂಬುದೇ ಇಲ್ಲ, ಅದಿಲ್ಲದೆ ಬಂಡವಾಳ ಲಾಭವನ್ನು ಲೆಕ್ಕ ಹಾಕಲಾಗದು ಎಂದು 1981ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಸರ್ಕಾರ ಕಾನೂನನ್ನೇ ತಿದ್ದಿತು: 1988ರ ಏಪ್ರಿಲ್‌ನಿಂದ ಅಂಥ ಗುಡ್‌ವಿಲ್‌ನ ಕೊಂಡ ಬೆಲೆಯನ್ನು ಸೊನ್ನೆ ಎಂದು ಎಣಿಸಲಾಗುತ್ತಿದೆ.

ಯಾವ ವಿಧಾನ, ಎಷ್ಟು ವರ್ಷದ ಖರೀದಿ, ಎಷ್ಟು ಪ್ರತಿಫಲ ದರ ಎಂಬ ಮೂರನ್ನೂ ಪಾಲುದಾರಿಕೆ ಪತ್ರದಲ್ಲಿ ಮೊದಲೇ ಬರೆದಿಡುವುದು ಒಳ್ಳೆಯದು. ಮಳಿಗೆಗೆ ಇಂದಿನ ಬೆಲೆಯನ್ನೇ ಹಿಡಿಯಬೇಕೆಂಬ ಒಂದು ಸಾಲನ್ನೂ ಅದರ ಜೊತೆಗೆ ಸೇರಿಸಿಕೊಳ್ಳಬೇಕು.