‘ಟೈಟಾಗಿದೆ’ ಅಂದರೆ ಸಾಲದು

ಹೊಲಿಸಿ ತಂದ ಬ್ಲೌಸ್ ಬಿಗಿಯಾಯಿತೆಂದರೆ ಕೆಲವರು ಅದನ್ನು ಸುಮ್ಮನೆ ಬೀರುವಿಗೆ ಸೇರಿಸುತ್ತಾರೆ, ಇನ್ನು ಕೆಲವರು ಅಂಗಡಿಗೆ ಹೋಗಿ ದನಿ ಏರಿಸುತ್ತಾರೆ. ಎರಡರಿಂದಲೂ ಬ್ಲೌಸ್ ಸಡಿಲವಾಗುವುದಿಲ್ಲ. ‘ಟೈಟಾಗಿದೆ ಕಣ್ರೀ’ ಎಂಬ ಮಾತಿನಿಂದ ಟೈಲರ್‌ಗೆ ಏನೂ ಗೊತ್ತಾಗುವುದಿಲ್ಲ. ಅವರಿಗೆ ಬೇಕಾದದ್ದು ಎಲ್ಲಿ ಬಿಗಿ, ಎಷ್ಟು ಬಿಗಿ ಎಂಬ ಲೆಕ್ಕ. ಅಷ್ಟನ್ನು ನಾವು ಕೊಟ್ಟರೆ ಉಳಿದದ್ದಕ್ಕೆ ಒಳಗೆ ಬಿಟ್ಟಿರುವ ಬಟ್ಟೆ ಇದೆ.

ಬ್ಲೌಸನ್ನು ಒಳಮೈ ಹೊರಗೆ ಮಾಡಿ ಪಕ್ಕದ ಹೊಲಿಗೆ ನೋಡಿ. ಮುಂಭಾಗ, ಹಿಂಭಾಗ ಸೇರುವ ಆ ಗೆರೆಯ ಆಚೆ ಬಟ್ಟೆಯ ಪಟ್ಟಿಯೊಂದು ಉಳಿದಿರುತ್ತದೆ. ಟೈಲರ್‌ಗಳು ‘ಮಾರ್ಜಿನ್’ ಅನ್ನುವುದು ಇದನ್ನೇ. ಸಾಮಾನ್ಯವಾಗಿ ಒಂದು ಇಂಚು, ಉದಾರಿಗಳಾದರೆ ಒಂದೂವರೆ ಇಂಚು ಬಿಡುತ್ತಾರೆ. ಅದರ ಮೇಲೆಯೇ ಸಮಾನಾಂತರವಾಗಿ ಇನ್ನೊಂದೆರಡು ಹೊಲಿಗೆ ಓಡಿಸಿಕೊಡುವವರೂ ಇದ್ದಾರೆ. ಆಗ ಒಳಗಿನ ಒಂದು ಗೆರೆಯನ್ನು ಮನೆಯಲ್ಲೇ ಬ್ಲೇಡಿನಿಂದ ಬಿಚ್ಚಿದರೆ ಮುಂದಿನ ಗೆರೆ ತಾನಾಗಿ ಹಿಡಿದುಕೊಳ್ಳುತ್ತದೆ. ಒಂದೇ ಗೆರೆ ಇದ್ದರೆ ಬಿಚ್ಚಲು ಹೋಗಬೇಡಿ. ಹೊಲಿಗೆ ಬಿಚ್ಚಿ ಎಳೆ ಎದ್ದ ಬ್ಲೌಸನ್ನು ಟೈಲರ್ ಮುಂದೆ ಇಟ್ಟರೆ ಮೊದಲು ಎಷ್ಟು ಬಿಗಿ ಇತ್ತು ಎಂಬುದು ಅವರಿಗೂ ತಿಳಿಯುವುದಿಲ್ಲ. ಒಗೆಯಲೂ ಬೇಡಿ. ನೆನೆಸದೆ ಹೊಲಿದ ಹತ್ತಿ ಲೈನಿಂಗ್ ಮೊದಲ ನೀರಿಗೆ ಕುಗ್ಗಿತೆಂದರೆ ತಪ್ಪು ಅಳತೆಯದೋ ನೀರಿನದೋ ಎಂಬ ವಾದ ಶುರುವಾಗುತ್ತದೆ.

ಈಗ ಲೆಕ್ಕ. ಬ್ಲೌಸಿನ ಪಕ್ಕದ ಹೊಲಿಗೆಗಳು ಎರಡು, ಒಂದೊಂದರಲ್ಲೂ ಮುಂದಿನದೊಂದು ಹಿಂದಿನದೊಂದು ಅಂಚು. ಒಟ್ಟು ನಾಲ್ಕು ಅಂಚು. ಹೊಲಿಗೆಯನ್ನು ಅರ್ಧ ಇಂಚು ಹೊರಕ್ಕೆ ಸರಿಸಿದರೆ ಸುತ್ತಳತೆ ನಾಲ್ಕು ಅರ್ಧ, ಅಂದರೆ ಎರಡು ಇಂಚು ಹೆಚ್ಚುತ್ತದೆ. ಇದು ತಿಳಿಯದೆ ‘ಎರಡಿಂಚು ಬಿಚ್ಚಿ’ ಅಂದುಬಿಡುವವರಿದ್ದಾರೆ. ಅಷ್ಟು ಮಾರ್ಜಿನ್ ಯಾರೂ ಬಿಟ್ಟಿರುವುದಿಲ್ಲ, ‘ಬಟ್ಟೆ ಇಲ್ಲ’ ಎಂಬ ಉತ್ತರ ಕೇಳಿ ವಾಪಸ್ ಬರುತ್ತಾರೆ. ತೋಳಿನ ಲೆಕ್ಕ ಬೇರೆ. ಒಂದು ತೋಳಿಗೆ ಹೊಲಿಗೆ ಒಂದೇ, ಅಂಚು ಎರಡೇ. ಅಲ್ಲಿ ಅರ್ಧ ಇಂಚು ಸರಿಸಿದರೆ ಸಿಗುವುದು ಒಂದು ಇಂಚು.

ನನ್ನ ಪರಿಚಯದ ಒಬ್ಬರ ನೇರಳೆ ರೇಷ್ಮೆ ಬ್ಲೌಸನ್ನೇ ತೆಗೆದುಕೊಳ್ಳೋಣ. ಹುಕ್ಕು ಹಾಕಿದರೆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಪಟ್ಟಿ ಬಾಯಿ ಬಿಡುತ್ತಿತ್ತು, ಎದೆಯ ಮೇಲೆ ಅಡ್ಡ ನೆರಿಗೆ ಬೀಳುತ್ತಿತ್ತು, ತೋಳು ಕಳಚಿದಾಗ ಕೈ ಮೇಲೆ ಗೆರೆ ಮೂಡಿರುತ್ತಿತ್ತು. ಹುಕ್ಕು ಹಾಕಿ ಬ್ಲೌಸನ್ನು ಮಂಚದ ಮೇಲೆ ಚಪ್ಪಟೆಯಾಗಿ ಹಾಸಿ, ಒಂದು ಕಂಕುಳಿಂದ ಇನ್ನೊಂದಕ್ಕೆ ಟೇಪ್ ಹಿಡಿದರು: ಹದಿನೇಳೂವರೆ. ಎರಡು ಪಟ್ಟು ಮಾಡಿದರೆ 35 ಇಂಚು. ಮೈ ಅಳತೆ 36. ಉಸಿರಾಡಲು, ಕೈ ಎತ್ತಲು ಕನಿಷ್ಠ ಒಂದಿಂಚು ಸಡಿಲ ಬೇಕು, ಹಾಗಾಗಿ ಬ್ಲೌಸ್ 37 ಇರಬೇಕಿತ್ತು. ಕೊರತೆ ಎರಡು ಇಂಚು. ತೋಳಿನ ಸುತ್ತಳತೆ ಹನ್ನೊಂದೂವರೆ, ಬೇಕಾದದ್ದು ಹನ್ನೆರಡೂವರೆ. ಅಲ್ಲಿಗೆ ಒಂದಿಂಚು. ಒಳಗೆ ಮಾರ್ಜಿನ್ ಒಂದಿಂಚು ಇತ್ತು. ಎರಡು ಕಡೆಯೂ ಅರ್ಧ ಇಂಚು ಸರಿಸಿದರೆ ಸಾಕು, ಇನ್ನರ್ಧ ಒಳಗೇ ಉಳಿಯುತ್ತದೆ.

ಅವರು ಬ್ಲೌಸಿಗೆ ಪಿನ್ನು ಚುಚ್ಚಿ ಕಳಿಸಿದ ಚೀಟಿ ಹೀಗಿತ್ತು:

“ಅಕ್ಕಾ, ನಮಸ್ಕಾರ. ನೇರಳೆ ಬ್ಲೌಸ್ ಹಾಕಿ ನೋಡಿದೆ. ಕುತ್ತಿಗೆ, ಭುಜ, ಉದ್ದ ಎಲ್ಲ ಸರಿಯಾಗಿ ಕೂತಿದೆ. ಎದೆ ಹತ್ತಿರ ಎರಡಿಂಚು, ತೋಳಲ್ಲಿ ಒಂದಿಂಚು ಬಿಗಿ ಆಗಿದೆ, ಹುಕ್ಕಿನ ಹತ್ರ ಬಾಯಿ ಬಿಡ್ತಿದೆ. ಒಳಗೆ ಒಂದಿಂಚು ಬಟ್ಟೆ ಬಿಟ್ಟಿದೀರ. ಅದರಲ್ಲಿ ಅರ್ಧ ಇಂಚು ಬಿಟ್ಟು ಹೊಸ ಹೊಲಿಗೆ ಹಾಕಿಕೊಡ್ತೀರಾ? ಕೆಳಗೆ ಅಷ್ಟು ಬಿಗಿ ಇಲ್ಲ, ಅಲ್ಲಿ ಕಾಲು ಇಂಚು ಸಾಕು. ಉಳಿದ ಮಾರ್ಜಿನ್ ಕತ್ತರಿಸಬೇಡಿ. ಭಾನುವಾರ ಗೃಹಪ್ರವೇಶ ಇದೆ, ಶುಕ್ರವಾರ ಸಂಜೆ ಬಂದು ಅಲ್ಲೇ ಹಾಕಿ ನೋಡ್ತೀನಿ.”

ಇದರಲ್ಲಿ ‘ನೀವು ಹಾಳು ಮಾಡಿದಿರಿ’ ಎಂಬುದು ಇಲ್ಲ, ಆದರೆ ದೂರು ಪೂರ್ತಿ ಇದೆ. ಸರಿಯಿರುವುದನ್ನು ಮೊದಲೇ ಹೇಳಿದ್ದು ಬರೀ ಮರ್ಯಾದೆಗಲ್ಲ. ಭುಜ, ಕುತ್ತಿಗೆ ಮುಟ್ಟಬೇಡಿ ಎಂಬ ಸೂಚನೆಯೂ ಹೌದು. ಯಾರ ತಪ್ಪು ಎಂಬ ಪ್ರಶ್ನೆಯನ್ನು ಎತ್ತದಿರುವುದೇ ಜಾಣತನ ಎಂದು ನನಗನ್ನಿಸುತ್ತದೆ. ಅಳತೆಗೆಂದು ಕೊಟ್ಟ ಹಳೆ ಬ್ಲೌಸ್ ಎರಡು ವರ್ಷದ ಹಿಂದಿನದಾಗಿರಬಹುದು, ಈ ನಡುವೆ ನಾವೇ ತುಸು ದಪ್ಪಗಾಗಿರಬಹುದು, ಕಪ್ ಇಡಿಸಿದ್ದರಿಂದ ಒಳಗಿನ ಜಾಗ ಕಡಿಮೆಯಾಗಿರಬಹುದು. ಮೊದಲ ಸಲ ಸರಿಮಾಡಿಕೊಡಲು ಬಹಳಷ್ಟು ಟೈಲರ್‌ಗಳು ದುಡ್ಡು ಕೇಳುವುದಿಲ್ಲ. ಕೇಳಿದರೆ ಎಷ್ಟೆಂದು ಮೊದಲೇ ಮಾತಾಡಿಕೊಳ್ಳುವುದು ವಾಸಿ.

ಟೈಲರ್ ಮಾಡುವ ಕೆಲಸ ದೊಡ್ಡದೇನಲ್ಲ. ಹೆಚ್ಚಿನ ಬ್ಲೌಸುಗಳಲ್ಲಿ ಕೆಳಗಿನ ಅಂಚಿನಿಂದ ಕಂಕುಳವರೆಗೆ, ಅಲ್ಲಿಂದ ತಿರುಗಿ ತೋಳಿನ ತುದಿಯವರೆಗೆ ಒಂದೇ ಹೊಲಿಗೆ ಓಡಿರುತ್ತದೆ. ಅದರ ಹೊರಗೆ ಹೊಸ ಗೆರೆ ಎಳೆದು ಹೊಲಿದು, ಆಮೇಲೆ ಹಳೆಯದನ್ನು ಬಿಚ್ಚಿ ಇಸ್ತ್ರಿ ಮಾಡುತ್ತಾರೆ. ಕಂಕುಳ ತಿರುವಿನಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಹೊಲಿಗೆ ಮುಗ್ಗರಿಸಿದರೆ ಕೈ ಎತ್ತಿದಾಗಲೆಲ್ಲ ಹಿಡಿಯುತ್ತದೆ. ಲೈನಿಂಗ್ ಬಟ್ಟೆಯ ಜೊತೆಗೇ ಸೇರಿ ಹೊಲಿದಿದ್ದರೆ ಎರಡೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಹೊಲಿಗೆ ಒಳಗೆ ಅಡಗುವಂತೆ ಹೊಲಿದಿದ್ದರೆ ಕೆಳಗಿನ ಅಂಚನ್ನೂ ತೆರೆಯಬೇಕು, ಒಂದು ದಿನ ಹೆಚ್ಚು ಹಿಡಿಯುತ್ತದೆ.

ರೇಷ್ಮೆಯಲ್ಲಿ ಹಳೆಯ ಸೂಜಿ ತೂತುಗಳ ಸಾಲು ಕಾಣಬಹುದು. ಹಬೆಯಾಡುವ ಇಸ್ತ್ರಿಗೆ ಸ್ವಲ್ಪ ಮಾಯುತ್ತದೆ, ಪೂರ್ತಿ ಹೋಗುವುದಿಲ್ಲ. ಆರಿ ವರ್ಕ್ ಮಾಡಿಸಿದ ಬ್ಲೌಸಾದರೆ ಕಸೂತಿ ಮಾರ್ಜಿನ್‌ವರೆಗೆ ಬಂದಿರುವುದಿಲ್ಲ, ಬಿಚ್ಚಿದ ಜಾಗ ಖಾಲಿ ಪಟ್ಟಿಯಾಗಿ ಉಳಿಯುತ್ತದೆ. ಎರಡೂ ಕಂಕುಳ ಕೆಳಗೆ, ಸೆರಗಿನ ಮರೆಯಲ್ಲಿ ಇರುವುದರಿಂದ ನಾನಾದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಮಾರ್ಜಿನ್ ಕೈಲಾಗದ ಜಾಗಗಳೂ ಇವೆ. ಭುಜ ಬಿಗಿಯಾಗಿದ್ದರೆ, ಬೆನ್ನಿನ ಅಗಲ ಸಾಲದಿದ್ದರೆ ಪಕ್ಕದ ಹೊಲಿಗೆ ಬಿಚ್ಚಿ ಪ್ರಯೋಜನವಿಲ್ಲ. ಕಂಕುಳ ಸುತ್ತ ಮಾತ್ರ ಕತ್ತರಿಸುವಂತಿದ್ದರೆ ಆ ತಿರುವನ್ನು ಕಾಲು ಇಂಚು ಕೆಳಗೆ ಕೊರೆದು ತೋಳನ್ನು ಮತ್ತೆ ಕೂರಿಸಬಹುದು, ಆದರೆ ಕೊರೆದದ್ದು ಮರಳಿ ಬರುವುದಿಲ್ಲ. ಹಾಗಾಗಿ ಪಕ್ಕ ಸಡಿಲಿಸಿ ಹಾಕಿ ನೋಡಿದ ಮೇಲೆಯೇ ಆ ಕೆಲಸಕ್ಕೆ ಒಪ್ಪಿ. ಎದೆಯ ಟಕ್ಸ್ ಬಿಚ್ಚಿ ಅಗಲ ಪಡೆಯೋಣವೆಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಅಗಲ ಚೂರು ಸಿಗುತ್ತದೆ, ಕೂರುವ ಆಕಾರ ಹೋಗುತ್ತದೆ.

ಒಳಗೆ ಬಟ್ಟೆಯನ್ನೇ ಬಿಡದೆ ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ಉಳಿಯುವ ದಾರಿ ಒಂದೇ: ಅದೇ ಬಟ್ಟೆಯ ಉದ್ದನೆಯ ತುಂಡನ್ನು ಕಂಕುಳಿಂದ ಕೆಳಗಿನವರೆಗೆ ಎರಡೂ ಪಕ್ಕ ಸೇರಿಸುವುದು. ಆ ತುಂಡು ಟೈಲರ್ ಅಂಗಡಿಯ ಚಿಂದಿ ಚೀಲ ಸೇರಿರುತ್ತದೆ. ಆದ್ದರಿಂದ ಮುಂದಿನ ಸಲ ಬ್ಲೌಸ್ ಪೀಸ್ ಕೊಡುವಾಗಲೇ ‘ಒಂದಿಂಚು ಮಾರ್ಜಿನ್ ಬಿಡಿ, ಉಳಿದ ಬಟ್ಟೆ ಚೂರು ವಾಪಸ್ ಕೊಡಿ’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ.